ಕಂಡದ್ದನ್ನಷ್ಟೇ ಒತ್ತು

— ಸರ್, ಷರ್ಟು ಹೊಲಿಯುವ ಒಂದು ಗಾರ್ಮೆಂಟ್ಸ್ ಲೈನನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬಾಕೆ ಬೆಳಗಿನಿಂದ ಸಂಜೆಯವರೆಗೆ ಕಾಲರ್ ಕೂರಿಸುತ್ತಾಳೆ, ಪಕ್ಕದವಳು ಕಫ್, ಅದರಾಚೆಯವಳು ಬರೀ ಸೈಡ್ ಹೊಲಿಗೆ. ಒಂದೊಂದು ಪೀಸಿಗೆ ಹೆಚ್ಚೆಂದರೆ ಒಂದು ನಿಮಿಷ. ಬೇಸರ ಬರದೆ ಇದ್ದೀತೇ? ಎರಡು ಗಂಟೆಗೊಮ್ಮೆ ಅವರನ್ನು ಮೆಷಿನ್ ಬದಲಿಸಿ ಕೂರಿಸಿದರೆ ಬೇಸರ ಕಳೆಯುತ್ತದೆ ಅಂತ ನನಗನ್ನಿಸುತ್ತದೆ. ಜಾಬ್ ರೊಟೇಶನ್ ಅಂದರೆ ಅದೇ ತಾನೇ?

— ಅದೇ. ಆದರೆ ಕಾಲರ್ ಹೊಲಿದು ಬೇಸತ್ತವಳನ್ನು ಕಫ್ ಹೊಲಿದು ಬೇಸತ್ತವಳ ಜಾಗಕ್ಕೆ ಕಳಿಸಿದರೆ ಇಬ್ಬರ ಬೇಸರವೂ ಜಾಗ ಬದಲಿಸುತ್ತದೆ, ಅಷ್ಟೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದೇ ಬೇಸರಕ್ಕೆ ಕಾರಣ ಅಂತ ನಾವು ಯೋಚಿಸದೆ ಒಪ್ಪಿಕೊಂಡುಬಿಡುತ್ತೇವೆ. ಮಗ್ಗದ ಮುಂದೆ ಕೂತವನು ಲಾಳಿಯನ್ನು ದಿನಕ್ಕೆ ಸಾವಿರಾರು ಸಲ ಎಸೆಯುತ್ತಾನೆ, ಕುಂಬಾರ ಒಂದೇ ಅಳತೆಯ ಮಡಕೆಯನ್ನು ನೂರರ ಲೆಕ್ಕದಲ್ಲಿ ತಿರುಗಿಸುತ್ತಾನೆ. ಅಲ್ಲೂ ದಣಿವಿದೆ. ಆದರೆ ಎಳೆ ಹರಿದಾಗ ನಿಲ್ಲಿಸುವುದು, ಮಣ್ಣು ಹದವಾಗಿಲ್ಲ ಎಂದು ತಿಳಿದು ಮತ್ತೆ ತುಳಿಯುವುದು ಅವರ ಕೈಯಲ್ಲೇ ಇದೆ. ಕೈ ಒಂದು ಕಡೆ ಉಳಿದು, ಆ ಕೈಗೆ ಬೇಕಾದ ವಿವೇಚನೆ ಇನ್ನೊಬ್ಬರ ಮೇಜಿಗೆ ಹೋದಾಗ ಹುಟ್ಟುವ ಬೇಸರ ಬೇರೆಯದೇ. ಆ ವಿವೇಚನೆಯನ್ನು ಮೇಜಿನಿಂದ ಕೈಗೆ ಮರಳಿಸುವುದಕ್ಕೆ ಜಾಬ್ ಎನ್‌ರಿಚ್‌ಮೆಂಟ್ ಅನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಕೆಲಸಕ್ಕೆ ಸತ್ವ ತುಂಬುವುದು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ನನ್ನ ಪ್ರಕಾರ ಇವು ಎರಡು ಬೇರೆ ಬೇರೆ ಕಾಯಿಲೆಗಳ ಮದ್ದು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಡುವುದರಿಂದಲೇ ಬಹಳಷ್ಟು ಪ್ರಯೋಗಗಳು ಕೆಡುತ್ತವೆ.

— ಮಾತಿಗೆ ಸರಿ. ಆದರೆ ಕುಂಬಾರನ ತಿಗರಿಯನ್ನು ಕಾರ್ಖಾನೆಗೆ ತರಲಾಗದು. ದೊಡ್ಡ ಸಂಸ್ಥೆಯೊಂದರಲ್ಲಿ, ನಿಜವಾಗಿಯೂ ಬೇಸರ ತರುವ ಕೆಲಸದಲ್ಲಿ, ಇದು ನಡೆದದ್ದಿದೆಯೇ?

— ಇದೆ. ಅಮೆರಿಕದ ಟ್ರಾವೆಲರ್ಸ್ ವಿಮಾ ಸಂಸ್ಥೆಯ ಪ್ರಯೋಗ ಅದು. ಹ್ಯಾಕ್‌ಮನ್, ಓಲ್ಡ್‌ಹ್ಯಾಮ್, ಜಾನ್ಸನ್, ಪರ್ಡಿ ಎಂಬ ನಾಲ್ವರು 1975ರಲ್ಲಿ ಅದನ್ನು ಪ್ರಕಟಿಸಿದರು. ಆಗ ಕಂಪ್ಯೂಟರಿಗೆ ಮಾಹಿತಿ ಹೋಗುತ್ತಿದ್ದದ್ದು ಪಂಚ್ ಕಾರ್ಡಿನ ಮೂಲಕ. ಟೈಪ್‌ರೈಟರಿನಂಥ ಯಂತ್ರದ ಮುಂದೆ ಕೂತು, ಬೇರೆ ವಿಭಾಗಗಳಿಂದ ಬಂದ ಕಾಗದ ನೋಡಿಕೊಂಡು ಕೀಲಿ ಒತ್ತಿದರೆ ರಟ್ಟಿನ ಕಾರ್ಡಿನಲ್ಲಿ ತೂತು ಬೀಳುತ್ತಿತ್ತು. ಆ ಕೆಲಸ ಹೇಗೆ ಸಾಗುತ್ತಿತ್ತು ನೋಡು. ಬಂದ ಕಾಗದಗಳನ್ನು ಮೊದಲು ಹಂಚಿಕೆಯ ಗುಮಾಸ್ತರು ನೋಡುತ್ತಿದ್ದರು. ಅಕ್ಷರ ಓದುವಂತಿದೆಯೇ, ಏನಾದರೂ ಬಿಟ್ಟುಹೋಗಿದೆಯೇ ಎಂದು ಪರೀಕ್ಷಿಸಿ, ಸುಮಾರು ಒಂದೊಂದು ಗಂಟೆಯ ಕೆಲಸವಾಗುವಂಥ ಕಂತೆಗಳನ್ನು ಮಾಡಿ, ಯಾರು ಖಾಲಿ ಇದ್ದಾರೋ ಅವರಿಗೆ ಕೊಡುತ್ತಿದ್ದರು. ಕಾಗದ ಸರಿಯಿಲ್ಲದಿದ್ದರೆ ಅದು ಸೂಪರ್‌ವೈಸರ್ ಬಳಿಗೆ. ಕಳಿಸಿದ ವಿಭಾಗದೊಡನೆ ಮಾತಾಡುವುದೂ ಅವರೇ. ಒತ್ತುವವರಿಗಿದ್ದ ಅಪ್ಪಣೆ ಒಂದೇ: ಕಂಡದ್ದನ್ನಷ್ಟೇ ಒತ್ತಬೇಕು, ಅದು ತಪ್ಪೆಂದು ಗೊತ್ತಿದ್ದರೂ ಸರಿಯೇ. ಆಮೇಲೆ ಇನ್ನೊಬ್ಬರು ಕೂತು ಪ್ರತಿಯೊಂದು ಕಾರ್ಡನ್ನೂ ಮತ್ತೆ ಒತ್ತಿ ತಾಳೆ ನೋಡುತ್ತಿದ್ದರು, ನೂರಕ್ಕೆ ನೂರು. ತಪ್ಪು ಸಿಕ್ಕಿದ ಕಾರ್ಡು ತಪ್ಪು ಮಾಡಿದವರಿಗೆ ಮರಳುತ್ತಿರಲಿಲ್ಲ. ಆ ಹೊತ್ತಿಗೆ ಯಾರು ಬಿಡುವಾಗಿದ್ದರೋ ಅವರು ತಿದ್ದುತ್ತಿದ್ದರು.

ತಪ್ಪೆಂದು ಗೊತ್ತಿದ್ದರೂ ಒತ್ತು ಎನ್ನುವ ಆ ಅಪ್ಪಣೆಯ ಮುಂದೆ ಸ್ವಲ್ಪ ನಿಲ್ಲೋಣ. ವಿಮೆ ಪಡೆದವನ ವಯಸ್ಸು 240 ಎಂದು ಕಾಗದದಲ್ಲಿ ಬರೆದಿದೆ ಅಂತಿಟ್ಟುಕೋ. ಒತ್ತುವವಳಿಗೆ ಅದು 24 ಇರಬೇಕೆಂದು ಗೊತ್ತು. ಆದರೂ 240 ಒತ್ತಬೇಕು. ಒತ್ತಿದ ಮೇಲೆ ಅದರ ಗತಿ ಏನಾಯಿತು ಎಂಬುದು ಅವಳಿಗೆ ತಿಳಿಯುವುದೇ ಇಲ್ಲ. ಯಾರ ಕಾಗದ, ಯಾಕೆ ಬೇಕು, ಸರಿಯಾಗಿ ತಲುಪಿತೇ, ಯಾವುದೂ ತಿಳಿಯದು. ಆ ಕೊಠಡಿಯಲ್ಲಿ ಉತ್ಪಾದನೆ ಕುಂಟುತ್ತಿತ್ತು, ತಪ್ಪು ಹೆಚ್ಚಿತ್ತು, ಗೈರುಹಾಜರಿ ಹೆಚ್ಚಿತ್ತು ಅಂದರೆ ಅದನ್ನು ಸೋಮಾರಿತನ ಅನ್ನಲು ನನಗೆ ಮನಸ್ಸು ಬಾರದು. ಅಕ್ಕರೆ ತೋರಿಸಬೇಡ ಎಂದು ಹೇಳಿಕೊಟ್ಟ ಮೇಲೆ ಅಕ್ಕರೆ ಎಲ್ಲಿಂದ ಬರಬೇಕು?

— ಅವರು ಅದನ್ನು ಬದಲಿಸಿದ್ದು ಹೇಗೆ? ಮೇಜು ಬದಲಿಸಿ ಕೂರಿಸಲಿಲ್ಲ ಅಂತ ನಿಮ್ಮ ದನಿಯಲ್ಲೇ ಗೊತ್ತಾಗುತ್ತಿದೆ.

— ಇಲ್ಲ. ಕೀಲಿ ಒತ್ತುವ ಕೆಲಸ ಕೀಲಿ ಒತ್ತುವ ಕೆಲಸವಾಗಿಯೇ ಉಳಿಯಿತು. ಬದಲಾದದ್ದು ಅದರ ಸುತ್ತಲಿನ ಅಧಿಕಾರ. ಸಿಕ್ಕವರಿಗೆ ಕಂತೆ ಹಂಚುವುದನ್ನು ಬಿಟ್ಟು, ಒಬ್ಬೊಬ್ಬರಿಗೆ ಇಂತಿಂಥ ವಿಭಾಗಗಳ ಕೆಲಸ ಎಂದು ಕಾಯಂ ಆಗಿ ಒಪ್ಪಿಸಿದರು. ಆ ವಿಭಾಗದ ಕಾಗದವನ್ನು ಬಂದ ಕೂಡಲೇ ಪರೀಕ್ಷಿಸುವುದು ಈಗ ಗುಮಾಸ್ತರಲ್ಲ, ಅವಳೇ. ತೊಡಕು ಕಂಡರೆ ಆ ವಿಭಾಗದವರೊಡನೆ ನೇರವಾಗಿ ಮಾತಾಡುವುದೂ ಅವಳೇ. ಕಣ್ಣಿಗೆ ಹೊಡೆಯುವಂಥ ತಪ್ಪಿದ್ದರೆ ತಿದ್ದಿಕೊಂಡೇ ಒತ್ತಬಹುದು. ಕಂಪ್ಯೂಟರ್ ತಿರಸ್ಕರಿಸಿದ ಕಾರ್ಡು ಒತ್ತಿದವಳ ಕೈಗೇ ಮರಳುತ್ತದೆ, ಅವಳೇ ಸರಿಪಡಿಸಬೇಕು. ವಾರಕ್ಕೊಮ್ಮೆ ಅವಳ ತಪ್ಪು ಮತ್ತು ಉತ್ಪಾದನೆಯ ಲೆಕ್ಕ ಸೂಪರ್‌ವೈಸರಿಗೆ ಹೋಗದೆ ಅವಳ ಮೇಜಿಗೇ ಬರುತ್ತದೆ. ಗಡುವು ತಪ್ಪದಂತೆ ದಿನದ ಕೆಲಸವನ್ನು ತನಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಕೈ ಪಳಗಿದ ಕೆಲವರಿಗಂತೂ, ಬೇಕಿದ್ದರೆ ತಾಳೆ ನೋಡಿಸದೆಯೇ ಕಾರ್ಡು ಕಳಿಸುವ ಆಯ್ಕೆಯನ್ನೂ ಕೊಟ್ಟರು.

ಒಂದು ವರ್ಷ ಇದನ್ನು ನಡೆಸಿ, ಹಳೆಯ ರೀತಿಯಲ್ಲೇ ಮುಂದುವರಿದ ಇನ್ನೊಂದು ಗುಂಪಿನೊಡನೆ ಹೋಲಿಸಿದರು. ಹೊಸ ರೀತಿಯ ಗುಂಪಿನಲ್ಲಿ ಉತ್ಪಾದನೆ ಶೇ. 39.6 ಏರಿತು. ಹಳೆಯ ಗುಂಪಿನಲ್ಲಿ ಏರಿದ್ದು ಶೇ. 8.1. ಗೈರುಹಾಜರಿ ಇಲ್ಲಿ ಶೇ. 24.1 ಇಳಿದರೆ ಅಲ್ಲಿ ಶೇ. 29 ಏರಿತು. ತಪ್ಪಿನ ಪ್ರಮಾಣ ಶೇ. 1.53ರಿಂದ 0.99ಕ್ಕೆ ಬಂತು. ಪರೀಕ್ಷಿಸುವವರ ಕಣ್ಣು ಕಡಿಮೆಯಾದ ಮೇಲೂ ತಪ್ಪು ಇಳಿಯಿತಲ್ಲ, ನನಗೆ ಉತ್ಪಾದನೆಯ ಅಂಕಿಗಿಂತ ದೊಡ್ಡದಾಗಿ ಕಾಣುವುದು ಅದು. ಹಿಂದೆ ಯಾರೋ ನೋಡುತ್ತಾರೆ ಎಂದಾಗ ಮುಂದಿನವರ ಕಣ್ಣು ಸಡಿಲವಾಗುತ್ತದೆ. ಹಿಂದೆ ಯಾರೂ ಇಲ್ಲ, ಮರಳಿದರೆ ನನಗೇ ಮರಳುತ್ತದೆ ಎಂದು ಗೊತ್ತಾದಾಗ ಕಣ್ಣು ತಾನಾಗಿಯೇ ಗಟ್ಟಿಯಾಗುತ್ತದೆ.

— ಇಷ್ಟು ಚೆಂದದ ಫಲಿತಾಂಶ ಕಂಡರೆ ನನಗೆ ಅನುಮಾನ ಬರುತ್ತದೆ. ಇದನ್ನು ಅಳೆದವರು ಯಾರು? ಹೊಸದೊಂದು ನಡೆಯುತ್ತಿದೆ, ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಎಂಬ ಹುರುಪಿಗೇ ಅರ್ಧ ಏರಿಕೆ ಬಂದಿರಬಹುದು.

— ಅನುಮಾನ ನ್ಯಾಯವಾದದ್ದು. ಬರೆದ ನಾಲ್ವರಲ್ಲಿ ಇಬ್ಬರು ಇಂಥ ಬದಲಾವಣೆಯನ್ನು ಸಂಸ್ಥೆಗಳಿಗೆ ಮಾಡಿಕೊಡುವ ಸಲಹೆಗಾರರು. ತಮ್ಮ ಸರಕನ್ನು ತಾವೇ ತೂಗಿದವರು. ಒಂದೇ ಸಂಸ್ಥೆ, ಒಂದೇ ವರ್ಷ. ಹಾಗಾಗಿ ಶೇ. 39.6 ಎಂಬ ಅಂಕಿಯನ್ನು ಹಿಡಿದುಕೊಂಡು ಇನ್ನೊಂದು ಕಡೆ ಅದೇ ಸಿಗುತ್ತದೆ ಅಂತ ಹೇಳಿದರೆ ಅದು ಮೋಸ. ಹುರುಪಿನ ಮಾತಿಗೆ ಮಾತ್ರ ಉತ್ತರವಿದೆ. ಅದಕ್ಕೂ ಮೊದಲೇ, 1968ರಲ್ಲಿ, ಹರ್ಜ್‌ಬರ್ಗ್ ಪ್ರಕಟಿಸಿದ ಇನ್ನೊಂದು ಪ್ರಯೋಗ ಇದೇ ಬಗೆಯದು. ದೊಡ್ಡ ಕಂಪನಿಯೊಂದರ ಷೇರುದಾರರ ಪತ್ರಗಳಿಗೆ ಉತ್ತರ ಬರೆಯುವವರು, ಮೇಲಿನವರ ರುಜುವಿನ ಬದಲು ತಮ್ಮದೇ ರುಜು ಹಾಕಿ ಕಳಿಸುವಂತೆ ಮಾಡಿದರು. ಅನುಭವಿಗಳ ಪತ್ರಗಳನ್ನು ನೂರಕ್ಕೆ ನೂರು ಪರೀಕ್ಷಿಸುತ್ತಿದ್ದದ್ದನ್ನು ಹತ್ತಕ್ಕೆ ಇಳಿಸಿದರು. ಅಲ್ಲಿ ಮೊದಲ ತಿಂಗಳುಗಳಲ್ಲಿ ಕೆಲಸದ ಮಟ್ಟ ಏರಲಿಲ್ಲ, ಇಳಿಯಿತು. ಆಮೇಲೆ ಏರಿತು. ಬರೀ ಹುರುಪಾಗಿದ್ದರೆ ಮೊದಲು ಏರಿ ಆಮೇಲೆ ಇಳಿಯಬೇಕಿತ್ತು. ಹೊಸ ಹೊಣೆಯನ್ನು ಕಲಿಯುವ ಹೊತ್ತಿನಲ್ಲಿ ಮುಗ್ಗರಿಸಿ, ಕಲಿತ ಮೇಲೆ ಮೇಲೇರುವುದು ಕಲಿಕೆಯ ಚಾಳಿ.

— ಇನ್ನೊಂದು ಪ್ರಶ್ನೆ, ಅನುಮಾನಕ್ಕಿಂತ ಕಹಿಯಾದದ್ದು. ಪರೀಕ್ಷಿಸುವವರು ಬೇಡವಾದರು, ಹಂಚುವ ಗುಮಾಸ್ತರು ಬೇಡವಾದರು. ಅವರೆಲ್ಲ ಎಲ್ಲಿಗೆ ಹೋದರು?

— ಒತ್ತುವವರೂ ತಾಳೆ ನೋಡುವವರೂ ಸೇರಿ ಮೊದಲು 98 ಜನರಿದ್ದರು. ಕೊನೆಗೆ ಸಾಕಾದದ್ದು 60. ಬಿಟ್ಟುಹೋದವರ ಜಾಗ ತುಂಬದೆ, ಬೇರೆ ವಿಭಾಗಕ್ಕೆ ಕಳಿಸಿ, ಕೆಲವರಿಗೆ ಬಡ್ತಿ ಕೊಟ್ಟು ಇಳಿಸಿದರು ಎನ್ನುತ್ತದೆ ವರದಿ. ಸಂಸ್ಥೆಗೆ ಮೊದಲ ವರ್ಷ ಉಳಿದದ್ದು 64,305 ಡಾಲರ್. ಇದನ್ನು ಮರೆಮಾಚಿ ಕೆಲಸಕ್ಕೆ ಸತ್ವ ತುಂಬುವ ಮಾತಾಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಬ್ಬರ ಕೆಲಸವನ್ನೂ ಒಬ್ಬಳ ಮೇಲೆ ಹೇರಿ ಅದಕ್ಕೆ ಒಳ್ಳೆಯ ಹೆಸರಿಡುವುದು ತುಂಬ ಸುಲಭ. ಕಾರ್ಮಿಕ ಸಂಘಗಳು ಇಂಥ ಯೋಜನೆಗಳನ್ನು ಗುಮಾನಿಯಿಂದ ನೋಡಿದ್ದರೆ ಅದು ತಿಳಿಗೇಡಿತನವಲ್ಲ. ಆದ್ದರಿಂದ ಆರಂಭಿಸುವ ಮೊದಲೇ ಎರಡು ಮಾತು ಬರಹದಲ್ಲಿ ಇರಬೇಕು: ಇದರಿಂದ ಯಾರ ಕೆಲಸವೂ ಹೋಗದು, ಮತ್ತು ಹೆಚ್ಚಿದ ಹೊಣೆಗೆ ಹೆಚ್ಚಿದ ಸಂಬಳವುಂಟು. ಈ ಎರಡನ್ನು ಬರೆಯಲು ಆಡಳಿತ ಸಿದ್ಧವಿಲ್ಲವಾದರೆ ಆರಂಭಿಸದಿರುವುದೇ ಒಳ್ಳೆಯದು.

— ಸರಿ, ಮೆಷಿನ್ ಬದಲಿಸುವ ಮಾತಿಗೆ ಮರಳೋಣ. ಅದನ್ನು ನೀವು ತೀರ ತಳ್ಳಿಹಾಕಿದಿರಿ. ನಾಲ್ಕು ಬಗೆಯ ಹೊಲಿಗೆ ಬಲ್ಲವಳಿಗೆ ಒಂದೇ ಬಲ್ಲವಳಿಗಿಂತ ಕೆಲಸ ಹೆಚ್ಚು ರುಚಿಸುವುದಿಲ್ಲವೇ?

— ಸ್ವಲ್ಪ ರುಚಿಸಬಹುದು. ಎಷ್ಟು ಎಂಬುದನ್ನು ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅವರ ಲೆಕ್ಕದಲ್ಲೇ ನೋಡೋಣ. ಒಂದು ಕೆಲಸದಲ್ಲಿ ಐದು ಗುಣಗಳನ್ನು ಅವರು 1ರಿಂದ 7ರವರೆಗೆ ಅಳೆಯುತ್ತಾರೆ. ಬಗೆಬಗೆಯ ಕೌಶಲ ಬೇಕೇ, ಒಂದು ಇಡಿಯಾದ ವಸ್ತು ಕೈಯಿಂದ ಹೊರಬರುತ್ತದೆಯೇ, ಅದರಿಂದ ಇನ್ನೊಬ್ಬರಿಗೆ ಉಪಯೋಗವೇ, ಇವು ಮೂರು. ಉಳಿದವು ಸ್ವಂತ ತೀರ್ಮಾನದ ಅವಕಾಶ ಮತ್ತು ಕೆಲಸ ಹೇಗಾಯಿತೆಂದು ಕೆಲಸದಿಂದಲೇ ತಿಳಿಯುವುದು. ಮೊದಲ ಮೂರರ ಸರಾಸರಿ ತೆಗೆದು, ಅದನ್ನು ಉಳಿದೆರಡರಿಂದ ಗುಣಿಸುತ್ತಾರೆ. ಕಾಲರ್ ಕೂರಿಸುವವಳಿಗೆ ಕೌಶಲ 2, ಇಡಿತನ 2, ಉಪಯೋಗ 5 ಎಂದಿಟ್ಟುಕೋ, ಸರಾಸರಿ 3. ತೀರ್ಮಾನ 1, ತಿಳಿಯುವಿಕೆ 1. ಒಟ್ಟು 3. ಈಗ ಮೆಷಿನ್ ಬದಲಿಸುತ್ತ ಹೋಗು. ಕೌಶಲ 2ರಿಂದ 5ಕ್ಕೆ ಏರಲಿ. ಸರಾಸರಿ 4, ಒಟ್ಟೂ 4. ಇದರ ಬದಲು ಅವಳನ್ನು ಅದೇ ಮೆಷಿನ್ನಿನಲ್ಲಿ ಬಿಟ್ಟು ತೀರ್ಮಾನವನ್ನು 3ಕ್ಕೆ, ತಿಳಿಯುವಿಕೆಯನ್ನು 4ಕ್ಕೆ ಏರಿಸಿದರೆ ಮೂರು ಮೂರಲಿ ಒಂಬತ್ತು, ಒಂಬತ್ನಾಲ್ಕಲಿ ಮೂವತ್ತಾರು. ಮುಂದೆ ಬಂದ ಅಧ್ಯಯನಗಳಲ್ಲಿ ಈ ಗುಣಾಕಾರ ಬರೀ ಕೂಡುವುದಕ್ಕಿಂತ ಉತ್ತಮವಾಗಿ ಕೆಲಸ ಮಾಡಲಿಲ್ಲ, ಹಾಗಾಗಿ 36 ಎಂಬುದನ್ನು ಅಕ್ಷರಶಃ ನಂಬಬೇಡ. ಆದರೆ ಯಾವ ಬಾಗಿಲು ತೆರೆದರೆ ಗಾಳಿ ಬರುತ್ತದೆ ಎಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಸರದಿ ಬದಲಾವಣೆ ಮುಟ್ಟುವುದು ಐದರಲ್ಲಿ ಒಂದನ್ನು ಮಾತ್ರ.

ಹಾಗಂತ ಸರದಿ ನಿಷ್ಪ್ರಯೋಜಕವಲ್ಲ. ದೇಹಕ್ಕೂ ಕಣ್ಣಿಗೂ ಅದು ಬೇಕು. ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಪರದೆ ನೋಡುವವರು ಸಾಮಾನ್ಯವಾಗಿ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಚಿತ್ರಗಳನ್ನು ನೋಡಬಾರದು ಎಂದು ಯುರೋಪಿಯನ್ ಒಕ್ಕೂಟದ ನಿಯಮವಿದೆ. ಅಪರೂಪಕ್ಕೆ ಬರುವ ಒಂದು ಗುರುತಿಗಾಗಿ ಕಾಯುವ ಗಮನ, ಎಷ್ಟೇ ಶ್ರದ್ಧೆಯಿದ್ದರೂ, ಅರ್ಧ ಗಂಟೆಯೊಳಗೇ ಮಂದವಾಗುತ್ತದೆ ಎಂಬುದು ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ನೋಡುವವರ ಸಮಸ್ಯೆಯಿಂದ ಹುಟ್ಟಿದ ಪ್ರಯೋಗಗಳಲ್ಲೇ ಗೊತ್ತಾಗಿತ್ತು. ಅಲ್ಲಿ ಬೇಕಾದದ್ದು ಸರದಿಯೇ. ಸ್ವಾತಂತ್ರ್ಯ ಎಷ್ಟು ಕೊಟ್ಟರೂ ದಣಿದ ಕಣ್ಣು ಚುರುಕಾಗದು. ಆದರೆ ದೇಹದ ವಿಷಯದಲ್ಲೂ ಕಣ್ಣು ಮುಚ್ಚಿ ಬದಲಿಸುವಂತಿಲ್ಲ. ಇಡೀ ದಿನ ನಿಂತು ಇಸ್ತ್ರಿ ಹಾಕುವವಳನ್ನು ಇಡೀ ದಿನ ನಿಂತು ಬಟ್ಟೆ ಕತ್ತರಿಸುವ ಕಡೆಗೆ ಕಳಿಸಿದರೆ ಕಾಲಿಗೆ ಏನು ಬಿಡುವು ಸಿಕ್ಕಂತಾಯಿತು? ಭಾರ ಎತ್ತುವ ಕೆಲಸದಲ್ಲಂತೂ ಇನ್ನೂ ಎಚ್ಚರ ಬೇಕು. ಬೆನ್ನಿಗೆ ಪೆಟ್ಟಾಗುವುದು ದಿನದ ಸರಾಸರಿ ಭಾರದಿಂದ ಮಾತ್ರವಲ್ಲ, ಅತಿ ಹೆಚ್ಚಿನ ಒಂದು ಭಾರದಿಂದಲೂ. ಭಾರದ ಕೆಲಸವನ್ನೂ ಹಗುರದ ಕೆಲಸವನ್ನೂ ಇಬ್ಬರ ನಡುವೆ ಸರದಿ ಹಾಕಿದರೆ, ಅಲ್ಲಿಯವರೆಗೆ ಒಬ್ಬರ ಬೆನ್ನಿಗಿದ್ದ ಆ ಅಪಾಯ ಇಬ್ಬರಿಗೂ ಬಂತು. ಅಲ್ಲಿ ಮಾಡಬೇಕಾದದ್ದು ಭಾರವನ್ನೇ ಕಡಿಮೆ ಮಾಡುವುದು.

— ಹಾಗಾದರೆ ಬೇಸರವಾದರೂ ಸರಿ, ಹೊಣೆ ಬೇಡ ಎನ್ನುವವರ ಗತಿ? ಮನೆಯಲ್ಲಿ ಮಕ್ಕಳು, ಅತ್ತೆ, ಅಡುಗೆ ಎಲ್ಲವನ್ನೂ ಮನಸ್ಸಿನಲ್ಲಿ ಹೊತ್ತು ಬಂದವಳಿಗೆ ಯೋಚಿಸದೆ ಮಾಡುವ ಕೆಲಸವೇ ಹಿತ ಅನ್ನಿಸಬಹುದು. ಕೈ ತಾನಾಗಿ ಓಡುತ್ತದೆ, ಪಕ್ಕದವಳೊಡನೆ ಮಾತು ನಡೆಯುತ್ತದೆ.

— ಇದು ನಿಜವಾದ ಆಕ್ಷೇಪ. ಸತ್ವ ತುಂಬುವ ಪಂಥದವರೇ ಇದನ್ನು ಒಪ್ಪಿದ್ದಾರೆ. ಬೆಳೆಯಬೇಕೆಂಬ ಹಂಬಲ ಬಲವಾಗಿದ್ದವರಿಗೆ ಇದರ ಫಲ ಹೆಚ್ಚು, ಇಲ್ಲದವರಿಗೆ ಕಡಿಮೆ ಎಂದು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಹೊಣೆಯನ್ನು ಕಡ್ಡಾಯ ಮಾಡಿದರೆ ಅದು ಸತ್ವವಲ್ಲ, ಇನ್ನೊಂದು ಟಾರ್ಗೆಟ್. ಟ್ರಾವೆಲರ್ಸ್‌ನಲ್ಲಿ ತಾಳೆ ನೋಡಿಸದೆ ಕಳಿಸುವುದು ಆಯ್ಕೆಯಾಗಿತ್ತು, ಅಪ್ಪಣೆಯಾಗಿರಲಿಲ್ಲ ಎಂಬುದು ಮುಖ್ಯ. ಕಡ್ಡಾಯದ ಪರಿಣಾಮ ನೋಡಬೇಕಿದ್ದರೆ ನಿನ್ನ ಉದ್ಯಮದಲ್ಲೇ ಉದಾಹರಣೆ ಇದೆ. 1992ರಲ್ಲಿ ಲೀವೈಸ್ ಅಮೆರಿಕದ ತನ್ನ ಕಾರ್ಖಾನೆಗಳಲ್ಲಿ ಪೀಸ್ ಲೆಕ್ಕದ ಕೂಲಿಯನ್ನು ಬಿಟ್ಟು ಗುಂಪು ಪದ್ಧತಿ ತಂದಿತು. ಒಬ್ಬೊಬ್ಬರೂ ಹಲವು ಹೊಲಿಗೆ ಕಲಿತು ಬದಲಿಸಿಕೊಳ್ಳಬೇಕು, ಕೂಲಿ ಗುಂಪಿನ ಒಟ್ಟು ಉತ್ಪಾದನೆಗೆ. ಉದ್ದೇಶ ಒಳ್ಳೆಯದೇ ಇತ್ತು, ಒಂದೇ ಚಲನೆಯಿಂದ ಕೈ ನೋವು ಬರುವುದನ್ನು ತಪ್ಪಿಸುವುದೂ ಅದರಲ್ಲಿ ಸೇರಿತ್ತು. ಆದದ್ದು ಬೇರೆ. ವೇಗವಾಗಿ ಹೊಲಿಯುವವರ ಕೂಲಿ ಇಳಿಯಿತು, ನಿಧಾನದವರದು ಏರಿತು. ಒಬ್ಬಳು ಗೈರಾದರೆ ಇಡೀ ಗುಂಪಿನ ಹಣಕ್ಕೆ ಪೆಟ್ಟು. ಸೂಪರ್‌ವೈಸರ್ ಹಾಕುತ್ತಿದ್ದ ಒತ್ತಡವನ್ನು ಈಗ ಜೊತೆಗಾರರೇ ಹಾಕತೊಡಗಿದರು. ಜಗಳಗಳಾದವು, ಉತ್ಪಾದನೆಯೂ ಕುಸಿಯಿತು. ಕೌಶಲದ ಬಗೆ ಹೆಚ್ಚಿತು, ಆದರೆ ತನ್ನ ಕೈಯ ಫಲದ ಮೇಲೆ ಅವಳಿಗಿದ್ದ ಹಿಡಿತ ಕಡಿಮೆಯಾಯಿತು.

— ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸಾಮಾನ್ಯವಾಗಿ ತಿಂಗಳ ಸಂಬಳ, ಪೀಸ್ ಲೆಕ್ಕವಲ್ಲ. ಆ ತೊಂದರೆ ಇಲ್ಲಿ ಬರಲಿಕ್ಕಿಲ್ಲ.

— ರೂಪ ಬದಲಿಸಿ ಬರುತ್ತದಮ್ಮ. ಇಲ್ಲಿ ಕೂಲಿಯ ಜಾಗದಲ್ಲಿ ಗಂಟೆ ಗಂಟೆಯ ಟಾರ್ಗೆಟ್ ಇದೆ. ಕಾಲರಿನಲ್ಲಿ ಪಳಗಿದವಳನ್ನು ಕಫ್‌ಗೆ ಕೂರಿಸಿದ ದಿನ ಅವಳ ಲೆಕ್ಕ ಬೀಳುತ್ತದೆ, ಅವಳ ಮುಂದೆ ಬಂಡಲ್ ರಾಶಿ ಬೀಳುತ್ತದೆ, ಅವಳ ನಂತರದವಳು ಖಾಲಿ ಕೂರುತ್ತಾಳೆ, ಬೈಗುಳ ಬೀಳುವುದು ಇವಳಿಗೆ. ಬೇಸರ ಕಳೆಯಲು ಹೊರಟು ಭಯ ಕೊಟ್ಟಂತಾಯಿತು. ಹಾಗಾಗಿ ಎರಡು ಗಂಟೆಗೊಮ್ಮೆ ಬದಲಿಸುವ ಯೋಜನೆಯನ್ನು ಸದ್ಯಕ್ಕೆ ಬದಿಗಿಟ್ಟು, ಲೈನಿನ ಕೊನೆಯಲ್ಲಿರುವ ಆಲ್ಟ್ರೇಷನ್ ಬುಟ್ಟಿಯಿಂದ ಶುರುಮಾಡು ಎನ್ನುತ್ತೇನೆ. ಚೆಕರ್ ತಪ್ಪು ಹಿಡಿದ ಪೀಸು ಆ ಬುಟ್ಟಿಗೆ ಬಿದ್ದು, ತಿದ್ದಲೆಂದೇ ಕೂರಿಸಿದ ಇನ್ನೊಬ್ಬ ಟೈಲರ್ ಬಳಿಗೆ ಹೋಗುತ್ತದೆ ಅಂತಾದರೆ, ಅದು ಪಂಚ್ ಕಾರ್ಡಿನ ಕೊಠಡಿಯೇ. ಆ ಪೀಸು ಅದೇ ಗಂಟೆಯಲ್ಲಿ ಹೊಲಿದವಳಿಗೆ ಮರಳಲಿ. ಸಂಜೆ ಮರಳಿದರೆ ಆಗಲೇ ಇನ್ನೂರು ಕಾಲರ್ ಅದೇ ತಪ್ಪಿನಲ್ಲಿ ಹೋಗಿರುತ್ತವೆ, ಯಾಕೆ ತಪ್ಪಿತೆಂದು ಅವಳಿಗೂ ನೆನಪಿರದು. ಅದರ ಜೊತೆಗೇ ತಪ್ಪಿನ ಕಾರಣವನ್ನು ಸರಿಪಡಿಸುವ ಅಧಿಕಾರವೂ ಹೋಗಬೇಕು. ಸೂಜಿ ಬದಲಿಸಲು, ದಾರದ ಬಿಗಿ ಸರಿಮಾಡಲು ಮೆಕ್ಯಾನಿಕ್‌ಗಾಗಿ ಕಾಯುವಂತಿರಬಾರದು. ಕತ್ತರಿಸಿ ಬಂದ ತುಂಡೇ ಅಳತೆ ತಪ್ಪಿದ್ದರೆ ಬಂಡಲನ್ನು ಕಟಿಂಗ್‌ಗೆ ಹಿಂದಿರುಗಿಸುವ ಹಕ್ಕು ಅವಳಿಗಿರಬೇಕು. ಅಧಿಕಾರವಿಲ್ಲದೆ ತಪ್ಪನ್ನು ಮಾತ್ರ ಮರಳಿಸಿದರೆ ಅದು ಶಿಕ್ಷೆ. ಮೂರು ವಾರದಲ್ಲಿ ಎಲ್ಲರೂ ತಪ್ಪು ಪೀಸುಗಳನ್ನು ಬಚ್ಚಿಡಲು ಕಲಿಯುತ್ತಾರೆ.

— ಖರೀದಿದಾರರು ಬಿಡುವುದಿಲ್ಲ, ಸರ್. ಒಂದಿಂಚಿಗೆ ಇಷ್ಟು ಹೊಲಿಗೆ ಎಂಬುದರಿಂದ ಹಿಡಿದು ಎಲ್ಲವೂ ಅವರು ಬರೆದುಕೊಟ್ಟದ್ದು. ಟೈಲರ್ ತೀರ್ಮಾನಿಸಲು ಉಳಿಯುವುದೇನು?

— ಷರ್ಟು ಹೇಗಿರಬೇಕೆಂದು ಅವಳು ತೀರ್ಮಾನಿಸಲಾರಳು, ನಿಜ. ಈ ಬದಲಾವಣೆಯ ಮಿತಿ ಅಲ್ಲಿದೆ, ಅದನ್ನು ದೊಡ್ಡದು ಮಾಡಿ ತೋರಿಸಬಾರದು. ಕೊನೆಯ ತಪಾಸಣೆಯೂ ಇರಲಿ. ವಿಮಾ ಕಚೇರಿಯಲ್ಲೂ ನಮೂನೆಯನ್ನು ಒತ್ತುವವರು ಬದಲಿಸಲಿಲ್ಲ. ಆದರೆ ಬರೆದುಕೊಟ್ಟ ಷರ್ಟಿಗೂ ಕೈಗೆ ಬಂದ ಬಟ್ಟೆಗೂ ನಡುವೆ ದಿನಕ್ಕೆ ಹತ್ತಾರು ತೀರ್ಮಾನಗಳಿರುತ್ತವೆ. ಈ ಬಟ್ಟೆ ಜಾರುತ್ತದೆ, ನಿಧಾನವಾಗಿ ಓಡಿಸಬೇಕು, ಈ ಬಂಡಲ್ ಮೊದಲು ಮುಗಿಸಬೇಕು, ಇದನ್ನು ಮುಂದಕ್ಕೆ ಬಿಡಬಾರದು. ಈಗ ಅವನ್ನು ತೆಗೆದುಕೊಳ್ಳುತ್ತಿರುವವರು ಸೂಪರ್‌ವೈಸರ್. ಹಾಗಾಗಿ ಯಾವ ಟೈಲರ್‌ಗಿಂತಲೂ ಮೊದಲು ಇದನ್ನು ಎದುರಿಸುವವರು ಅವರೇ. ಅವರ ಕೈಯಿಂದ ಏನು ಹೋಗುತ್ತದೆ ಎಂದು ಹೇಳುವಾಗಲೇ ಅವರಿಗೆ ಏನು ಬರುತ್ತದೆ ಎಂಬುದನ್ನೂ ಹೇಳಬೇಕು. ಹೊಸಬರಿಗೆ ಕಲಿಸುವುದು, ಕಟಿಂಗ್ ಮತ್ತು ಸ್ಟೋರ್‌ನೊಡನೆ ಮಾತಾಡಿ ಲೈನಿಗೆ ಕಟ್ ಪೀಸುಗಳು ನಿಲ್ಲದಂತೆ ನೋಡಿಕೊಳ್ಳುವುದು, ಇವು ಈಗ ಅವರಿಗೆ ಪುರಸೊತ್ತಿಲ್ಲದೆ ಬಿದ್ದಿರುವ ಕೆಲಸಗಳು.

— ನಡೆಯುತ್ತಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ?

— ಪೀಸಿನ ಲೆಕ್ಕವನ್ನು ಮೊದಲ ತಿಂಗಳು ನೋಡಬೇಡ, ಅದು ಬಿದ್ದೇ ಬೀಳುತ್ತದೆ. ತಪ್ಪಿದ ಪೀಸುಗಳಲ್ಲಿ ಎಷ್ಟನ್ನು ಚೆಕರ್ ಹಿಡಿದರು, ಎಷ್ಟನ್ನು ಹೊಲಿದವಳೇ ತಡೆದು ನಿಲ್ಲಿಸಿದಳು ಎಂದು ಎರಡು ಕಂಬಗಳಲ್ಲಿ ಬರೆಸು. ಎರಡನೆಯ ಕಂಬ ತುಂಬತೊಡಗಿದರೆ ವಿವೇಚನೆ ಕೈಗೆ ಮರಳುತ್ತಿದೆ. ಒಂದು ಪೀಸೂ ಅಲ್ಲಿ ಇಲ್ಲದಿದ್ದರೆ, ತಡೆದವಳಿಗೆ ಯಾರೋ ಬೈದಿದ್ದಾರೆ ಎಂದು ತಿಳಿ. ಬಂಡಲ್ ಹಿಂದಿರುಗಿಸುವ ಹಕ್ಕನ್ನು ಎಷ್ಟು ಸಲ ಬಳಸಿದರು ಎಂಬುದನ್ನೂ ಬರೆಸು. ಒಂದು ಲೈನಿನಲ್ಲಿ, ಒಪ್ಪಿದ ಏಳೆಂಟು ಜನರೊಡನೆ ಶುರುಮಾಡು, ಪಕ್ಕದ ಲೈನನ್ನು ಹೋಲಿಕೆಗೆ ಹಾಗೆಯೇ ಬಿಡು. ಇವರಲ್ಲಿ ಯಾರಾದರೂ ಇನ್ನೊಂದು ಮೆಷಿನ್ ಕಲಿಯಬೇಕು ಎಂದು ತಾವಾಗಿ ಕೇಳಿದರೆ ಆಗ ಕಲಿಸು, ಕಲಿಯುವ ದಿನಗಳ ಟಾರ್ಗೆಟ್ ಇಳಿಸಿ.

— ಆ ದಿನಗಳ ನಷ್ಟವನ್ನು ಫ್ಯಾಕ್ಟರಿ ಮ್ಯಾನೇಜರ್ ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ, ಸರ್?

— ಅದನ್ನು ಅವರಿಂದ ಮೊದಲೇ ಬರೆಸಿಕೊಂಡ ಮೇಲೆಯೇ ಲೈನಿಗೆ ಇಳಿ. ಅಲ್ಲಿಯವರೆಗೆ ಟೈಲರ್‌ಗಳ ಮುಂದೆ ಇದರ ಒಂದು ಮಾತನ್ನೂ ಆಡಬೇಡ.